ಬೆಳೆ ಕಟಾವಿನ ಸರಾಸರಿಯೂ ಘಂಟಾಕೃತಿಯ ನಿಯಮವೂ

ಒಂದು ಗ್ರಾಮದ ರಾಗಿಯ ಇಳುವರಿಯನ್ನು ಗೊತ್ತುಮಾಡುವುದಕ್ಕೆ ಎಲ್ಲಾ ಹೊಲಗಳ ಫಸಲನ್ನೂ ತೂಗುವುದು ಸಾಧ್ಯವಲ್ಲ. ಆದುದರಿಂದ ಕೆಲವು ಹೊಲಗಳನ್ನು ಚೀಟಿ ಎತ್ತಿದಂತೆ ಆರಿಸಿ, ಪ್ರತಿಯೊಂದರಲ್ಲಿಯೂ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕವನ್ನು ಕೊಯ್ದು, ಒಕ್ಕಿ, ತೂಗಿ ಸರಾಸರಿ ತೆಗೆಯುವರು. 2016ರ ಮುಂಗಾರಿನಿಂದ ಜಾರಿಗೆ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ಪರಿಹಾರವೂ ಇಂಥ ಸರಾಸರಿಯನ್ನೇ ಅವಲಂಬಿಸಿತು. ಮುಖ್ಯ ಬೆಳೆಗೆ ಪಂಚಾಯಿತಿಯೊಂದರಲ್ಲಿ ಕನಿಷ್ಠ 4 ಕಟಾವುಗಳೆಂದು ಅದರಲ್ಲಿ ವಿಧಿಸಲಾಗಿತ್ತು. ಇಷ್ಟು ಕಟಾವುಗಳ ಸರಾಸರಿಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಭೂಮಾಲೀಕರು ತಿಳಿದಿರುವುದು ಯುಕ್ತ.

ಲೆಕ್ಕಕ್ಕಾಗಿ ಒಂದು ಗ್ರಾಮವನ್ನು ಕಲ್ಪಿಸಿಕೊಳ್ಳೋಣ. ಅಲ್ಲಿಯ ಐದು ಹೊಲಗಳಲ್ಲಿ ನಾಲ್ಕು ದಿಣ್ಣೆಯವು. ಅವುಗಳ ಚೌಕದಲ್ಲಿ 3 ಕಿಲೋಗ್ರಾಂ ರಾಗಿ ಬರುವುದು. ಐದರಲ್ಲೊಂದು ತಗ್ಗಿನ ಹೊಲ. ಗೋಡುಮಣ್ಣೂ ಗೊಬ್ಬರವೂ ಸೇರಿ ಅಲ್ಲಿ 8 ಕಿಲೋಗ್ರಾಂ ಬರುವುದು. ಗ್ರಾಮದ ನಿಜವಾದ ಸರಾಸರಿ 4 ಕಿಲೋಗ್ರಾಂ, ಅಂದರೆ ಹೆಕ್ಟೇರಿಗೆ 1600 ಕಿಲೋಗ್ರಾಂ. ಈ ಇಳುವರಿಗಳು ಒಂದು ಕಡೆಗೆ ವಾಲಿವೆ: ಹೆಚ್ಚಿನವು ಸರಾಸರಿಗಿಂತ ಕೆಳಗೆ, ಕೆಲವು ಮಾತ್ರ ಬಹು ಮೇಲೆ, 4 ಕಿಲೋಗ್ರಾಂ ಕೊಡುವ ಹೊಲ ಒಂದೂ ಇಲ್ಲ.

ಈಗ ನಾಲ್ಕು ನಾಲ್ಕು ಹೊಲಗಳನ್ನು ಆರಿಸಿ ಸರಾಸರಿ ತೆಗೆಯುವ ಕೆಲಸವನ್ನು ನೂರು ಸಲ ಮಾಡಿದರೆ, ಸುಮಾರು 41 ಸಲ ನಾಲ್ಕೂ ದಿಣ್ಣೆಯ ಹೊಲಗಳೇ ಬಂದು ಸರಾಸರಿ 3 ಆಗುವುದು. ಇನ್ನು 41 ಸಲ ಒಂದು ತಗ್ಗಿನ ಹೊಲ ಸೇರಿ 4¼ ಆಗುವುದು. ಮಿಕ್ಕ 18 ಸಲ 5½ ಅಥವಾ ಅದಕ್ಕಿಂತ ಹೆಚ್ಚು ಬರುವುದು. ವಾಲಿಕೆ ಇನ್ನೂ ಹೋಗಿಲ್ಲ.

ಹದಿನಾರು ಹೊಲಗಳನ್ನು ಆರಿಸಿದರೆ ಚಿತ್ರವೇ ಬೇರೆ. ತಗ್ಗಿನ ಹೊಲ ಒಂದೂ ಬಾರದಿರುವುದು ನೂರಕ್ಕೆ 3 ಸಲ. ಒಂದು ಬರುವುದು 11 ಸಲ, ಎರಡು 21, ಮೂರು 25, ನಾಲ್ಕು 20, ಐದು 12 ಸಲ. ಆರು ಅಥವಾ ಹೆಚ್ಚು ಬರುವುದು 8 ಸಲ. ಮಧ್ಯದಲ್ಲಿ ಏರಿ ಎರಡು ಪಕ್ಕಕ್ಕೂ ಇಳಿಯುವ ಘಂಟೆಯ ಆಕಾರ ಇಲ್ಲಿ ಕಾಣುತ್ತದೆ. ನೂರರಲ್ಲಿ 78 ಸಲ ಸರಾಸರಿಯು 3.6ಕ್ಕೂ 4.6ಕ್ಕೂ ನಡುವೆ ಬೀಳುವುದು.

ಇದಕ್ಕೆ ಕಾರಣವೇನು? ಸರಾಸರಿಯು ತೀರ ಕೆಳಗೆ ಅಥವಾ ತೀರ ಮೇಲೆ ಹೋಗಬೇಕಾದರೆ ಆರಿಸಿದ ಹೊಲಗಳೆಲ್ಲ ಒಂದೇ ಬಗೆಯವಾಗಿರಬೇಕು. ಹದಿನಾರರಲ್ಲಿ ಅದು ಒಂದೇ ರೀತಿಯಲ್ಲಿ ಒದಗುವುದು. ಮೂರು ತಗ್ಗು, ಹದಿಮೂರು ದಿಣ್ಣೆ ಎಂಬ ಮಿಶ್ರಣವಾದರೋ 560 ರೀತಿಗಳಲ್ಲಿ ಒದಗುವುದು. ಹೆಚ್ಚೂ ಕಡಿಮೆಯೂ ಒಂದನ್ನೊಂದು ಸರಿದೂಗಿಸುವ ದಾರಿಗಳೇ ಅಧಿಕವಾದುದರಿಂದ ಸರಾಸರಿಗಳು ನಡುವೆ ಕೂಡಿಕೊಳ್ಳುತ್ತವೆ. ಇದೇ ಕೇಂದ್ರ ಮಿತಿ ಪ್ರಮೇಯದ ಸಾರ. ಫ್ರಾನ್ಸಿನ ಗಣಿತಜ್ಞ ಲಾಪ್ಲಾಸನು 1810ರಲ್ಲಿ ಇದನ್ನು ವ್ಯಾಪಕ ರೂಪದಲ್ಲಿ ತೋರಿಸಿದನು. ಸಂಖ್ಯೆ ನಾಲ್ಕರಷ್ಟಾದರೆ ಸರಾಸರಿಯ ಏರಿಳಿತವು ಅರ್ಧಕ್ಕೆ ಇಳಿಯುವುದೆಂಬುದೂ ನೆನಪಿಡತಕ್ಕ ಮಾತು: ಇಲ್ಲಿ 4 ಹೊಲಗಳಲ್ಲಿ ಅದು ಸುಮಾರು 1 ಕಿಲೋಗ್ರಾಂ, 16ರಲ್ಲಿ ½ ಕಿಲೋಗ್ರಾಂ.

ಘಂಟಾಕೃತಿಯಾಗುವುದು ಸರಾಸರಿಗಳು ಮಾತ್ರ, ಹೊಲಗಳಲ್ಲ. ಹೊಲಗಳು ಎಷ್ಟು ಕಟಾವು ಮಾಡಿದರೂ 3 ಮತ್ತು 8ರಲ್ಲಿಯೇ ಇರುವುವು. ವಾಲಿಕೆ ಹೆಚ್ಚಿದಷ್ಟೂ ಹೆಚ್ಚು ಕಟಾವುಗಳು ಬೇಕಾಗುವುವು. ನೂರರಲ್ಲೊಂದು ಹೊಲ ಮಾತ್ರ ಅಸಾಧಾರಣವಾಗಿ ಬೆಳೆಯುವ ಗ್ರಾಮದಲ್ಲಿ ಹದಿನಾರೂ ಸಾಲವು.

ನಿಯಮಕ್ಕೆ ಎರಡು ಕಟ್ಟಳೆಗಳುಂಟು. ಮೊದಲನೆಯದು, ಆಯ್ಕೆಯು ಅದೃಷ್ಟದಿಂದಲೇ ಆಗತಕ್ಕದ್ದು. ರಸ್ತೆಯ ಪಕ್ಕದ ಅಥವಾ ಕಣ್ಣಿಗೆ ಚೆನ್ನಾಗಿ ಕಂಡ ಹೊಲಗಳನ್ನೇ ಕೊಯ್ದರೆ ಸಾವಿರ ಕಟಾವು ಮಾಡಿದರೂ ಘಂಟೆಯು ತಪ್ಪು ಸ್ಥಳದಲ್ಲಿಯೇ ನಿಲ್ಲುವುದು. ಎರಡನೆಯದು, ಕಟಾವುಗಳು ಒಂದನ್ನೊಂದು ಅವಲಂಬಿಸಬಾರದು. ಒಂದೇ ಹೊಲದಲ್ಲಿ ಹದಿನಾರು ಚೌಕಗಳನ್ನು ಕೊಯ್ದರೆ ಅವೆಲ್ಲ ಒಂದೇ ಮಣ್ಣಿನ ಸಾಕ್ಷ್ಯವಾಗುವುವು.

ಇನ್ನು ಪರಿಹಾರದ ಮಾತು. ಈ ಗ್ರಾಮಕ್ಕೆ ಮಿತಿ ಇಳುವರಿ ಹೆಕ್ಟೇರಿಗೆ 1500 ಕಿಲೋಗ್ರಾಂ ಇದೆಯೆಂದುಕೊಳ್ಳೋಣ. ನಿಜವಾದ ಇಳುವರಿ 1600 ಆದುದರಿಂದ ನಷ್ಟವಿಲ್ಲ. ಆದರೂ ನಾಲ್ಕು ಕಟಾವುಗಳು ನೂರಕ್ಕೆ 41 ಸಲ 1200 ತೋರಿಸಿ ಇಲ್ಲದ ನಷ್ಟವನ್ನು ಕಾಣಿಸುವುವು. 18 ಸಲ 2200 ಅಥವಾ ಅದಕ್ಕಿಂತ ಹೆಚ್ಚು ತೋರಿಸುವುವು. ಬೆಳೆ ಕೆಟ್ಟ ವರ್ಷದಲ್ಲಿ ಇದೇ ಬಗೆಯ ಏರುಪೇರು ನಿಜವಾದ ನಷ್ಟವನ್ನು ಮರೆಮಾಡಬಲ್ಲದು. ಆದುದರಿಂದ ಕಟಾವಿನ ದಿನ ಗ್ರಾಮದ ಮುಖಂಡರು ವಿಚಾರಿಸತಕ್ಕ ವಿಷಯಗಳು ಮೂರು: ಹೊಲಗಳ ಸಂಖ್ಯೆ ಎಷ್ಟು, ಅವನ್ನು ಆರಿಸಿದ್ದು ಹೇಗೆ, ಅವು ಬೇರೆ ಬೇರೆ ಸರ್ವೆ ನಂಬರುಗಳಲ್ಲಿವೆಯೆ.