ಬಾಯಿಗೆ ಟೇಪ್ ಹಾಕಿ ಮಲಗಿದರೆ

ಮಲಗುವ ಮುನ್ನ ತುಟಿಗಳ ಮೇಲೆ ಟೇಪ್ ಅಂಟಿಸಿಕೊಂಡು, ಬೆಳಗಾಗುವ ತನಕ ಮೂಗಿನಲ್ಲೇ ಉಸಿರಾಡುವ ರೂಢಿ ಈಚಿನ ವರ್ಷಗಳಲ್ಲಿ ರೀಲ್ಸ್ ಮೂಲಕ ಎಲ್ಲೆಡೆ ಹಬ್ಬಿದೆ. ಗೊರಕೆ ನಿಲ್ಲುತ್ತದೆ, ಬಾಯಿ ಒಣಗುವುದಿಲ್ಲ, ಬೆಳಿಗ್ಗೆ ಹುರುಪಿರುತ್ತದೆ, ದವಡೆಯ ಆಕಾರವೂ ತಿದ್ದಿಕೊಳ್ಳುತ್ತದೆ ಎಂಬುದು ಅದನ್ನು ಹೊಗಳುವವರ ಮಾತು. ಕೆಲವರು ಮೆಡಿಕಲ್ ಶಾಪಿನಲ್ಲಿ ಸಿಗುವ ಪೇಪರ್ ಟೇಪನ್ನೇ ಕತ್ತರಿಸಿ ಹಚ್ಚಿಕೊಳ್ಳುತ್ತಾರೆ. ತುಟಿಯ ಆಕಾರಕ್ಕೇ ಮಾಡಿದ ಪಟ್ಟಿಗಳೂ ಆನ್‌ಲೈನಿನಲ್ಲಿ ಮಾರಾಟಕ್ಕಿವೆ. ಯೋಚನೆ ಹಳೆಯದು. ಸೋವಿಯತ್ ವೈದ್ಯ ಬುಟೇಕೊ 1950ರ ದಶಕದಲ್ಲಿ ರೂಪಿಸಿದ ಉಸಿರಾಟ ಪದ್ಧತಿಯನ್ನು ಅನುಸರಿಸುವವರಲ್ಲಿ ಈ ಅಭ್ಯಾಸ ಮೊದಲೇ ಇತ್ತು. ಅಮೆರಿಕದ ಪತ್ರಕರ್ತ ಜೇಮ್ಸ್ ನೆಸ್ಟರ್ 2020ರಲ್ಲಿ ಬರೆದ ‘ಬ್ರೆತ್’ ಪುಸ್ತಕದ ನಂತರ ಅದು ಸಾಮಾನ್ಯರ ಹಾಸಿಗೆಗೂ ಬಂತು.

ಮೂಗಿನ ಉಸಿರಾಟ ಒಳ್ಳೆಯದೆಂಬ ಮಾತಿನಲ್ಲಿ ಹುರುಳಿದೆ. ಮೂಗು ಗಾಳಿಯನ್ನು ಬೆಚ್ಚಗೆ ಮಾಡುತ್ತದೆ, ತೇವಗೊಳಿಸುತ್ತದೆ, ಧೂಳನ್ನು ತಡೆಯುತ್ತದೆ. ಬಾಯಿ ತೆರೆದು ಮಲಗುವವರ ಬಾಯಿ ರಾತ್ರಿಯಿಡೀ ಒಣಗಿ, ಬೆಳಿಗ್ಗೆ ಗಂಟಲು ಕೆರೆಯುವುದು, ದುರ್ವಾಸನೆ ಬರುವುದು ಸಾಮಾನ್ಯ. ಆದರೆ ನಿದ್ದೆಯಲ್ಲಿ ಬಾಯಿ ತೆರೆದುಕೊಳ್ಳುವುದಕ್ಕೆ ಒಂದು ಕಾರಣವಿರುತ್ತದೆ. ಟೇಪ್ ಬಾಯಿಯನ್ನು ಮುಚ್ಚುತ್ತದೆ, ಕಾರಣ ಹಾಗೆಯೇ ಉಳಿಯುತ್ತದೆ. ಅಲರ್ಜಿಯಿಂದ ಮೂಗು ಕಟ್ಟಿರಬಹುದು, ಮೂಗಿನ ನಡುಗೋಡೆ ಡೊಂಕಾಗಿರಬಹುದು, ಒಳಗೆ ದುರ್ಮಾಂಸ ಬೆಳೆದಿರಬಹುದು. ಮಕ್ಕಳಲ್ಲಾದರೆ ಮೂಗಿನ ಹಿಂಭಾಗದ ಅಡಿನಾಯ್ಡ್ ಊದಿರುವುದೇ ಹೆಚ್ಚು. ಎಲ್ಲಕ್ಕಿಂತ ಗಮನಿಸಬೇಕಾದದ್ದು ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಗಂಟಲಿನ ದಾರಿ ಮತ್ತೆ ಮತ್ತೆ ಕುಸಿದು ಉಸಿರು ನಿಲ್ಲುವ ಅಥವಾ ತೀರ ಕಡಿಮೆಯಾಗುವ ಕಾಯಿಲೆ.

ಟೇಪಿನಿಂದ ಕೆಲವರಿಗೆ ಉಪಯೋಗವಾಗಿ, ಕೆಲವರಿಗೆ ತೊಂದರೆಯಾಗುವುದು ಏಕೆಂಬುದು ಗಂಟಲಿನ ರಚನೆಯಿಂದ ತಿಳಿಯುತ್ತದೆ. ಗಾಢ ನಿದ್ದೆಯಲ್ಲಿ ಸ್ನಾಯುಗಳು ಸಡಿಲವಾಗುತ್ತವೆ. ಬಾಯಿ ತೆರೆದಾಗ ಕೆಳದವಡೆ ಕೆಳಗೂ ಹಿಂದಕ್ಕೂ ಜಾರಿ, ಜೊತೆಗೆ ನಾಲಿಗೆಯ ಬುಡವನ್ನೂ ಹಿಂದೆ ತಳ್ಳುತ್ತದೆ, ಗಂಟಲು ಇಕ್ಕಟ್ಟಾಗುತ್ತದೆ. ಇಂಥವರು ಬಾಯಿ ಮುಚ್ಚಿದರೆ ದವಡೆ ಮುಂದೆ ಬಂದು ದಾರಿ ಅಗಲವಾಗುತ್ತದೆ. ಇನ್ನು ಕೆಲವರಲ್ಲಿ ಕುಸಿಯುವುದು ಕಿರುನಾಲಿಗೆಯ ಸುತ್ತಲಿನ ಮೆದು ಅಂಗುಳು. ಅದು ಹಿಂದಕ್ಕೆ ಬಿದ್ದು ಮೂಗಿನಿಂದ ಬರುವ ದಾರಿಯನ್ನೇ ಮುಚ್ಚಿದಾಗ, ಗಾಳಿಗೆ ಉಳಿಯುವುದು ಬಾಯಿಯೊಂದೇ. ಅವರಿಗೆ ತೆರೆದ ಬಾಯಿ ಕೆಟ್ಟ ಚಾಳಿಯಲ್ಲ, ಆಪತ್ಕಾಲದ ಬಾಗಿಲು. ಆಪ್ನಿಯಾ ಇರುವ 54 ಮಂದಿಯನ್ನು ಔಷಧದಿಂದ ನಿದ್ದೆಗೆ ಜಾರಿಸಿ, ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿದ ಅಮೆರಿಕದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ಬಾಯಿ ಮುಚ್ಚಿದಾಗ ಒಟ್ಟಾರೆ ಗಾಳಿಯ ಓಟ ಹೆಚ್ಚಿದರೂ, ಸುಮಾರು ಐದನೇ ಒಂದು ಭಾಗದಷ್ಟು ಜನರಲ್ಲಿ ಅದು ಕಡಿಮೆಯಾಯಿತು. ಬಾಯಿಯಿಂದಲೇ ಹೆಚ್ಚಾಗಿ ಉಸಿರಾಡುತ್ತಿದ್ದವರಿಗೇ ಹೀಗಾದದ್ದು. ಅಂದರೆ ಟೇಪಿನ ಜಾಹೀರಾತು ಯಾರನ್ನು ಗುರಿಯಾಗಿಟ್ಟುಕೊಂಡಿದೆಯೋ ಅವರಿಗೇ.

ಟೇಪಿನ ಪರವಾಗಿ ಹೆಚ್ಚು ಉದಾಹರಿಸಲಾಗುವುದು 2022ರ ತೈವಾನ್ ಅಧ್ಯಯನ. ಅದನ್ನು ಬಿಡಿಸಿ ನೋಡಿದರೆ ಪುರಾವೆಯ ಮಿತಿಯೂ ಕಾಣುತ್ತದೆ. ಆಪ್ನಿಯಾದ ತೀವ್ರತೆಯನ್ನು ಗಂಟೆಗೆ ಎಷ್ಟು ಬಾರಿ ಉಸಿರು ಹತ್ತು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ ಇಲ್ಲವೇ ಕುಗ್ಗುತ್ತದೆ ಎಂಬುದರಿಂದ ಅಳೆಯುತ್ತಾರೆ. ವಯಸ್ಕರಲ್ಲಿ ಐದಕ್ಕಿಂತ ಕಡಿಮೆಯಿದ್ದರೆ ಸಹಜ, 5ರಿಂದ 15 ಸೌಮ್ಯ, 30 ದಾಟಿದರೆ ತೀವ್ರ. ತೈವಾನಿನಲ್ಲಿ ಆಯ್ದುಕೊಂಡ 20 ಮಂದಿಯೂ ಸೌಮ್ಯ ಆಪ್ನಿಯಾದವರು. ಟೇಪ್ ಹಾಕಿದಾಗ ಅವರ ಮಧ್ಯಾಂಕ 8.3ರಿಂದ 4.7ಕ್ಕೆ ಇಳಿಯಿತು. ಏಳು ಗಂಟೆಯ ನಿದ್ದೆಗೆ ಲೆಕ್ಕ ಹಾಕಿದರೆ, ಸುಮಾರು 58 ಬಾರಿ ಆಗುತ್ತಿದ್ದದ್ದು 33ಕ್ಕೆ ಬಂತು. ಗೊರಕೆಯೂ ಅರ್ಧಕ್ಕಿಂತ ಕಡಿಮೆಯಾಯಿತು. ತೆಗೆದುಹಾಕುವಂಥ ಫಲಿತಾಂಶವಲ್ಲ ಇದು. ಆದರೆ ಹೋಲಿಕೆಗೆ ಟೇಪಿಲ್ಲದ ಇನ್ನೊಂದು ಗುಂಪು ಇರಲಿಲ್ಲ. ಗಂಟೆಗೆ 40 ಬಾರಿ, ಅಂದರೆ ರಾತ್ರಿಗೆ 280 ಬಾರಿ ಉಸಿರು ಕಟ್ಟುವವರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. 2025ರಲ್ಲಿ ಕೆನಡಾದ ಸಂಶೋಧಕರು ಅದುವರೆಗಿನ ಪ್ರಕಟಣೆಗಳನ್ನೆಲ್ಲ ಜಾಲಾಡಿದಾಗ ಸಿಕ್ಕಿದ್ದು ಹತ್ತು ಅಧ್ಯಯನ, ಒಟ್ಟು 213 ಜನ. ದವಡೆಯ ಆಕಾರ ಬದಲಾಗುತ್ತದೆ ಎನ್ನುವುದಕ್ಕಂತೂ ಪುರಾವೆಯಿಲ್ಲ.

ಅಪಾಯಗಳಲ್ಲಿ ತುಟಿಯ ಸುತ್ತ ಬರುವ ತುರಿಕೆ, ಕೀಳುವಾಗ ಕಿತ್ತು ಬರುವ ಚರ್ಮ ಚಿಕ್ಕವು. ಮೂಗು ಕಟ್ಟಿರುವವರಿಗೆ ಉಸಿರುಗಟ್ಟುವ ಅಪಾಯವಿದೆ. ನೆಗಡಿ ಮಧ್ಯರಾತ್ರಿಯಲ್ಲೂ ಶುರುವಾಗಬಹುದು. ಮದ್ಯ ಕುಡಿದವರು, ನಿದ್ದೆಮಾತ್ರೆ ನುಂಗಿದವರು ಉಸಿರು ಸಿಗದಿದ್ದರೂ ಬೇಗ ಎಚ್ಚರಗೊಳ್ಳುವುದಿಲ್ಲ. ವಾಂತಿ ಬಂದರೆ ಹೊರಹೋಗಲು ದಾರಿಯಿಲ್ಲದೆ ಶ್ವಾಸನಾಳಕ್ಕೆ ಇಳಿಯಬಹುದು. ಟೇಪನ್ನು ತಾವೇ ಕಿತ್ತುಕೊಳ್ಳಲಾಗದ ಚಿಕ್ಕ ಮಕ್ಕಳಿಗೆ, ಅಶಕ್ತರಿಗೆ ಅದನ್ನು ಹಚ್ಚಲೇಬಾರದು. ಆಪ್ನಿಯಾಕ್ಕೆ ಸಿಪ್ಯಾಪ್ ಯಂತ್ರ ಬಳಸುವವರಲ್ಲಿ ಕೆಲವರು ಬಾಯಿಯಿಂದ ಗಾಳಿ ಸೋರುತ್ತದೆಂದು ಟೇಪ್ ಹಾಕಿಕೊಳ್ಳುವುದುಂಟು. ಮೂಗಿಗಷ್ಟೇ ಮಾಸ್ಕ್ ಹಾಕಿದವರು ಕರೆಂಟ್ ಹೋದರೆ ಬಾಯಿ ತೆರೆದು ಉಸಿರಾಡಬೇಕಾಗುತ್ತದೆ. ಟೇಪ್ ಇದ್ದರೆ ಅದೂ ಆಗದು. ಸೋರಿಕೆಗೆ ಮಾಸ್ಕ್ ಬದಲಿಸುವುದೂ ಸೇರಿದಂತೆ ಬೇರೆ ಪರಿಹಾರಗಳಿವೆ, ಅದನ್ನು ವೈದ್ಯರೇ ಹೇಳಬೇಕು.

ಸದ್ದಿಲ್ಲದೆ ಆಗುವ ಹಾನಿ ಇನ್ನೊಂದಿದೆ. ಆಪ್ನಿಯಾ ಇರುವುದು ಬಹಳಷ್ಟು ಸಲ ಮೊದಲು ಗೊತ್ತಾಗುವುದು ಪಕ್ಕದಲ್ಲಿ ಮಲಗಿದವರಿಗೆ: ಜೋರು ಗೊರಕೆ, ನಡುವೆ ಪೂರ್ತಿ ಮೌನ, ಆಮೇಲೆ ಬೆಚ್ಚಿಬಿದ್ದಂತೆ ಏದುಸಿರು. ಟೇಪ್ ಈ ಸದ್ದನ್ನು ತಗ್ಗಿಸಿ, ಕಾಯಿಲೆಯನ್ನು ಒಳಗೇ ಉಳಿಸಬಹುದು. ಹಗಲಿನ ತೂಕಡಿಕೆ, ಬೆಳಗಿನ ತಲೆನೋವು, ಮಾತ್ರೆಗೆ ಜಗ್ಗದ ರಕ್ತದೊತ್ತಡ ಇದ್ದರೆ ಟೇಪಿಗಿಂತ ಮೊದಲು ಸ್ಲೀಪ್ ಸ್ಟಡಿ ಆಗಬೇಕು. ಇದನ್ನು ಆಸ್ಪತ್ರೆಯಲ್ಲೇ ಒಂದು ರಾತ್ರಿ ಮಲಗಿಸಿ ಮಾಡುತ್ತಾರೆ. ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್, ಮೂಗಿಗೆ ಸಣ್ಣ ಕೊಳವೆ, ಎದೆಗೆ ಬೆಲ್ಟ್ ಕಟ್ಟಿಕೊಂಡು ಮನೆಯಲ್ಲೇ ಮಾಡಿಸಿಕೊಳ್ಳುವ ಪರೀಕ್ಷೆಯೂ ಇದೆ.

ಟೇಪಿನ ಜೊತೆಗೇ ಮಾರಾಟವಾಗುವ ಉಳಿದ ಸಾಧನಗಳ ಕಥೆ ಚಿಕ್ಕದು. ಮೂಗಿನ ಮೇಲೆ ಅಂಟಿಸುವ ಪಟ್ಟಿಯೊಳಗೆ ಸ್ಪ್ರಿಂಗಿನಂತೆ ಸೆಟೆಯುವ ಪ್ಲಾಸ್ಟಿಕ್ ಕಡ್ಡಿಗಳಿದ್ದು, ಹೊಳ್ಳೆಯ ಗೋಡೆಯನ್ನು ಹೊರಕ್ಕೆ ಎಳೆದು ಹಿಡಿಯುತ್ತವೆ. ಮೂಗು ಕಟ್ಟಿದವರಿಗೆ ಇದರಿಂದ ಹಾಯೆನಿಸುವುದು ನಿಜ, ಅಪಾಯವೂ ಕಡಿಮೆ. ಆದರೆ ಕುಸಿತ ಆಗುವುದು ಗಂಟಲಿನಲ್ಲಾದ್ದರಿಂದ ಆಪ್ನಿಯಾಕ್ಕೆ ಇದು ಚಿಕಿತ್ಸೆಯಲ್ಲ. ಗಲ್ಲವನ್ನು ತಲೆಗೆ ಬಿಗಿದು ಕಟ್ಟುವ ಪಟ್ಟಿಯನ್ನು 2014ರಲ್ಲಿ 26 ರೋಗಿಗಳ ಮೇಲೆ ಪರೀಕ್ಷಿಸಿದಾಗ ಆಪ್ನಿಯಾವೂ ಇಳಿಯಲಿಲ್ಲ, ಗೊರಕೆಯೂ ಇಳಿಯಲಿಲ್ಲ. ಅಂಗಾತ ಮಲಗಿದಾಗ ಮಾತ್ರ ಗೊರಕೆ ಹೊಡೆಯುವವರಿಗೆ ಬನಿಯನ್ನಿನ ಬೆನ್ನಿಗೆ ಟೆನಿಸ್ ಚೆಂಡು ಹೊಲಿದುಕೊಳ್ಳುವ ಹಳೆಯ ಉಪಾಯವೇ ಇದಕ್ಕಿಂತ ಮೇಲು.

ನಿದ್ದೆ ಅಳೆಯುವ ಉಂಗುರ, ವಾಚುಗಳು ದೇಹಕ್ಕೆ ಏನೂ ಮಾಡುವುದಿಲ್ಲ, ಅಂಕಿ ಕೊಡುತ್ತವೆ. ಗಾಢ ನಿದ್ದೆ, ಕನಸಿನ ನಿದ್ದೆ ಎಂದು ಖಚಿತವಾಗಿ ವಿಂಗಡಿಸಲು ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಬೇಕು. ಈ ಸಾಧನಗಳು ಅಲುಗಾಟ ಮತ್ತು ನಾಡಿಬಡಿತದಿಂದ ಅದನ್ನು ಅಂದಾಜಿಸುತ್ತವೆ. ಎಷ್ಟು ಹೊತ್ತು ಮಲಗಿದ್ದರೆಂಬ ಲೆಕ್ಕ ಸುಮಾರಾಗಿ ಸರಿಯಿರುತ್ತದೆ, ಹಂತಗಳ ಲೆಕ್ಕವನ್ನು ಅಷ್ಟು ನಂಬುವಂತಿಲ್ಲ. ಕೆಲವು ವಾಚುಗಳು ಈಗ ಆಪ್ನಿಯಾದ ಎಚ್ಚರಿಕೆಯನ್ನೂ ಕೊಡುತ್ತವೆ. ಎಚ್ಚರಿಕೆ ಬಂದರೆ ಪರೀಕ್ಷೆಗೆ ಹೋಗಬೇಕು. ಬರಲಿಲ್ಲವೆಂದರೆ ಕಾಯಿಲೆ ಇಲ್ಲವೆಂದಲ್ಲ. ಷಿಕಾಗೊದ ನಿದ್ರಾತಜ್ಞರು 2017ರಲ್ಲಿ ಇನ್ನೊಂದು ತೊಂದರೆಯನ್ನು ದಾಖಲಿಸಿದರು. ಟ್ರ್ಯಾಕರಿನ ಅಂಕಿಗಾಗಿ ಚಡಪಡಿಸುತ್ತಿದ್ದ ಕೆಲವು ರೋಗಿಗಳು, ಪ್ರಯೋಗಾಲಯದ ಪರೀಕ್ಷೆಯಲ್ಲಿ ಚೆನ್ನಾಗಿ ನಿದ್ದೆ ಮಾಡಿದ್ದಾರೆಂದು ಬಂದರೂ ಒಪ್ಪದೆ, ತಮ್ಮ ಕೈಪಟ್ಟಿ ಬೇರೆಯೇ ಹೇಳುತ್ತಿದೆಯಲ್ಲ ಎಂದು ವಾದಿಸುತ್ತಿದ್ದರು. ಅಂಕಿ ಹೆಚ್ಚಿಸಿಕೊಳ್ಳಲು ಹಾಸಿಗೆಯಲ್ಲಿ ಇನ್ನೂ ಹೆಚ್ಚು ಹೊತ್ತು ಬಿದ್ದುಕೊಂಡಿರುವುದರಿಂದ ನಿದ್ರಾಹೀನತೆ ಉಲ್ಬಣಿಸಬಹುದೆಂದು ಆ ತಜ್ಞರು ಎಚ್ಚರಿಸಿದ್ದಾರೆ.