ಕೈ ಮಡಚಿದರೆ ವೇಗ ಎಲ್ಲಿಂದ ಬರುತ್ತದೆ?

2022ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೇಕ್ ಪ್ಲಾಸಿಡ್‌ನಲ್ಲಿ 17 ವರ್ಷದ ಇಲಿಯಾ ಮಾಲಿನಿನ್ ಮಂಜುಗಡ್ಡೆಯಿಂದ ಜಿಗಿದು, ಗಾಳಿಯಲ್ಲೇ ನಾಲ್ಕೂವರೆ ಸುತ್ತು ತಿರುಗಿ ಇಳಿದ. ಸ್ಪರ್ಧೆಯಲ್ಲಿ ಕ್ವಾಡ್ರುಪಲ್ ಆಕ್ಸೆಲ್ ಜಿಗಿತವನ್ನು ಪೂರೈಸಿದವರಲ್ಲಿ ಅವನೇ ಮೊದಲಿಗ. ಒಂದು ಸೆಕೆಂಡೂ ಹಿಡಿಯದ ಈ ಜಿಗಿತದ ಚಿತ್ರಣವನ್ನು ನಿಧಾನಗತಿಯಲ್ಲಿ ನೋಡಿ. ನೆಲ ಬಿಡುವಾಗ ಕೈಗಳು ತೆರೆದಿರುತ್ತವೆ, ಮರುಕ್ಷಣವೇ ಎದೆಗೆ ಅಂಟಿಕೊಳ್ಳುತ್ತವೆ, ಮೈ ಬುಗುರಿಯಾಗುತ್ತದೆ. ಗಾಳಿಯಲ್ಲಿ ಅವನನ್ನು ತಿರುಗಿಸುವವರು ಯಾರೂ ಇಲ್ಲ. ಹಾಗಾದರೆ ವೇಗ ಹೆಚ್ಚಿದ್ದು ಹೇಗೆ?

ಪಠ್ಯಪುಸ್ತಕದ ಉತ್ತರ ಎಲ್ಲರಿಗೂ ಗೊತ್ತು: ಕೋನೀಯ ಸಂವೇಗ ಬದಲಾಗದು. ತಿರುಗುವ ವಸ್ತುವಿನ ರಾಶಿ ಅಕ್ಷದಿಂದ ಎಷ್ಟು ದೂರ ಹರಡಿದೆ ಎಂಬುದರ ಅಳತೆಯೇ ಜಡತ್ವ ಭ್ರಾಮಕ. ಅದನ್ನು ತಿರುಗುವ ವೇಗದಿಂದ ಗುಣಿಸಿದರೆ ಕೋನೀಯ ಸಂವೇಗ. ಹೊರಗಿನಿಂದ ಯಾರೂ ತಿರುಚದಿದ್ದರೆ ಈ ಗುಣಲಬ್ಧ ಸ್ಥಿರ. ಒಂದು ಇಳಿದರೆ ಇನ್ನೊಂದು ಏರಲೇಬೇಕು. ಉತ್ತರ ಸರಿಯೇ. ಆದರೆ ಅದು ಲೆಕ್ಕ ಹೊಂದಿಸುತ್ತದೆಯೇ ಹೊರತು ಒಳಗೆ ಏನು ನಡೆಯಿತೆಂದು ಹೇಳುವುದಿಲ್ಲ.

ಒಂದು ಸರಳ ಲೆಕ್ಕ ಹಾಕೋಣ. ಸ್ಕೇಟರ್ ಒಬ್ಬಳ ತೂಕ 60 ಕೆಜಿ, ಒಂದೊಂದು ತೋಳು 3 ಕೆಜಿ ಎಂದಿಟ್ಟುಕೊಳ್ಳಿ. ಕೈ ಚಾಚಿದಾಗ ತೋಳಿನ ರಾಶಿ ಅಕ್ಷದಿಂದ ಅರ್ಧ ಮೀಟರ್ ದೂರದಲ್ಲಿದೆ, ಮಡಚಿದಾಗ 20 ಸೆಂಟಿಮೀಟರ್‌ನಲ್ಲಿ. ಉಳಿದ ಮೈಯ ಜಡತ್ವ ಭ್ರಾಮಕ 1 ಎನ್ನೋಣ. ಆಗ ಒಟ್ಟು ಭ್ರಾಮಕ ಚಾಚಿದಾಗ 2.5, ಮಡಚಿದಾಗ ಸುಮಾರು 1.25. ಅರ್ಧಕ್ಕರ್ಧ ಇಳಿಯಿತು. ಸೆಕೆಂಡಿಗೆ 2 ಸುತ್ತು ತಿರುಗುತ್ತಿದ್ದವಳು ಈಗ 4 ಸುತ್ತು ತಿರುಗುತ್ತಾಳೆ.

ಈಗ ತೋಳುಗಳನ್ನೇ ಗಮನಿಸಿ. ಚಾಚಿದ್ದಾಗ ಅವು ಸೆಕೆಂಡಿಗೆ ಸುಮಾರು 6.3 ಮೀಟರ್ ವೇಗದಲ್ಲಿ ಓಡುತ್ತಿದ್ದವು. ಸುತ್ತು ಸೆಕೆಂಡಿಗೆ 2 ಆಗಿಯೇ ಉಳಿದಿದ್ದರೆ ಒಳಗಿನ ಪುಟ್ಟ ವೃತ್ತದಲ್ಲಿ ಅವಕ್ಕೆ 2.5 ಮೀಟರ್ ವೇಗ ಸಾಕಾಗುತ್ತಿತ್ತು. ಅಂದರೆ ಒಳಗೆ ಬರುವ ತೋಳು ಅಲ್ಲಿಗೆ ಬೇಕಾದ್ದಕ್ಕಿಂತ ಹೆಚ್ಚು ವೇಗ ಹೊತ್ತು ತರುತ್ತದೆ. ಅದು ಮುಂದೆ ನುಗ್ಗಲು ನೋಡುತ್ತದೆ; ಭುಜಕ್ಕೆ ಅಂಟಿಕೊಂಡಿರುವುದರಿಂದ ಭುಜವನ್ನೂ ಮುಂದಕ್ಕೆ ತಳ್ಳುತ್ತದೆ. ಭುಜ ತೋಳನ್ನು ಹಿಂದಕ್ಕೆಳೆಯುತ್ತದೆ. ಈ ಎಳೆದಾಟದ ಕೊನೆಗೆ ತೋಳಿನ ವೇಗ ಸೆಕೆಂಡಿಗೆ 5 ಮೀಟರ್‌ಗೆ ಇಳಿದಿರುತ್ತದೆ! ತೋಳು ತನ್ನ ಕೋನೀಯ ಸಂವೇಗದ ಪಾಲನ್ನು ಮೈಗೆ ಬಿಟ್ಟುಕೊಟ್ಟಿದೆ. ಮೊತ್ತ ಮೊದಲಿನಷ್ಟೇ, ಹಂಚಿಕೆ ಮಾತ್ರ ಬದಲಾಗಿದೆ.

ಇಲ್ಲಿ ಜಾಣ ಓದುಗರಿಗೆ ಒಂದು ಅನುಮಾನ ಬರಬೇಕು. ಕೋನೀಯ ಸಂವೇಗ ಉಳಿಯಿತು ಸರಿ, ಚಲನ ಶಕ್ತಿಯೂ ಉಳಿಯಿತೇ? ಇಲ್ಲ. ನಮ್ಮ ಲೆಕ್ಕದಲ್ಲಿ ಅದು ಸುಮಾರು 200 ಜೂಲ್‌ನಿಂದ 400ಕ್ಕೆ ಏರಿದೆ. ಹೆಚ್ಚುವರಿ 200 ಜೂಲ್ ಕೊಟ್ಟದ್ದು ಸ್ಕೇಟರ್‌ಳ ಸ್ನಾಯುಗಳು. ತಿರುಗುವಾಗ ತೋಳು ಹೊರಕ್ಕೆ ಜಗ್ಗುತ್ತಿರುತ್ತದೆ. ಅದನ್ನು ಒಳಗೆ ಹಿಡಿದಿಡಲು ಶುರುವಿನಲ್ಲಿ ಪ್ರತಿ ತೋಳಿಗೆ 24 ಕೆಜಿ ಭಾರದಷ್ಟು ಬಲ ಬೇಕು. ಎದೆಯ ಹತ್ತಿರ ಬರುವಷ್ಟರಲ್ಲಿ ವೇಗವೂ ಹೆಚ್ಚಿ ಅದು 38 ಕೆಜಿ ದಾಟುತ್ತದೆ. ಈ ಸೆಳೆತದ ವಿರುದ್ಧ ಎರಡೂ ತೋಳನ್ನು 30 ಸೆಂಟಿಮೀಟರ್ ಎಳೆದುಕೊಳ್ಳುವ ಶ್ರಮವೆಂದರೆ 20 ಕೆಜಿಯ ಅಕ್ಕಿಮೂಟೆಯನ್ನು ನೆಲದಿಂದ ಸೊಂಟದೆತ್ತರಕ್ಕೆ ಎತ್ತಿದಂತೆ. ನೋಡುವವರಿಗೆ ಲೀಲಾಜಾಲ ಅನ್ನಿಸುವ ತಿರುವು ಅಷ್ಟು ಸುಲಭದ್ದಲ್ಲ.

ಸ್ನಾಯುವಿನ ಎಳೆತ ನೇರ ಅಕ್ಷದ ಕಡೆಗೇ ಇದ್ದರೂ, ಅದು ಶರೀರದೊಳಗಿನ ಬಲ. ಆದ್ದರಿಂದ ಶಕ್ತಿಯನ್ನು ಸೇರಿಸಬಲ್ಲದು, ಕೋನೀಯ ಸಂವೇಗವನ್ನು ಒಂದಿಷ್ಟೂ ಸೇರಿಸಲಾರದು. ಆ ಬಂಡವಾಳವನ್ನು ಮೊದಲೇ ಮಂಜಿನಿಂದ ಪಡೆದಿರಬೇಕು. ಸ್ಕೇಟಿನ ಅಲಗು ಮಂಜನ್ನು ಕಚ್ಚಿಕೊಂಡು ಬಾಗಿದ ಹಾದಿಯಲ್ಲಿ ಸಾಗುವಾಗ, ಬಿಡುಗಾಲನ್ನು ಬೀಸಿ ತಿರುಗುವಾಗ ಸಿಕ್ಕಿದ್ದೇ ಬಂಡವಾಳ. ಜಿಗಿತದಲ್ಲಿ ಇದು ಇನ್ನೂ ಕಟ್ಟುನಿಟ್ಟು: ಕಾಲು ನೆಲ ಬಿಟ್ಟ ಕ್ಷಣಕ್ಕೆ ಕೈಯಲ್ಲಿ ಎಷ್ಟಿತ್ತೋ ಅಷ್ಟೇ. ಕಡಿಮೆ ಬಿದ್ದರೆ ಎಷ್ಟು ಬಿಗಿಯಾಗಿ ಮುದುಡಿದರೂ ಸುತ್ತು ಪೂರ್ಣವಾಗದು. ಗಾಳಿಯಲ್ಲಿ ಅಧೀರರಾಗಿ ಕೈ ಬೇಗ ತೆರೆದರೂ ಅದೇ ಗತಿ, ನಾಲ್ಕು ಸುತ್ತಿನ ಜಿಗಿತ ಎರಡಕ್ಕೇ ಮುಗಿಯುತ್ತದೆ. ಇಳಿಯುವಾಗ ಮಾತ್ರ ಕೈಕಾಲು ಅಗಲಿಸಲೇಬೇಕು. ಹಾಗೆ ಸುತ್ತಿನ ವೇಗ ತಗ್ಗಿಸಿದರಷ್ಟೇ ಒಂದೇ ಅಲಗಿನ ಮೇಲೆ ನಿಲ್ಲಲು ಸಾಧ್ಯ.

ಮಂಜೇನೂ ಬೇಕಿಲ್ಲ, ಆಫೀಸಿನ ತಿರುಗುಕುರ್ಚಿಯಲ್ಲೂ ಇದನ್ನು ಪರೀಕ್ಷಿಸಬಹುದು. ಒಂದೊಂದು ಕೈಯಲ್ಲೂ ಒಂದು ಲೀಟರ್ ನೀರಿನ ಬಾಟಲಿ ಹಿಡಿದು ಚಾಚಿ, ಯಾರಾದರೂ ಮೆಲ್ಲಗೆ ತಿರುಗಿಸಲಿ, ಆಮೇಲೆ ಬಾಟಲಿಗಳನ್ನು ಎದೆಗೆ ಎಳೆದುಕೊಳ್ಳಿ. ಬಾಟಲಿ ಹೊರಗೆ ಜಗ್ಗುವುದನ್ನು ಗಮನಿಸಲು ಮರೆಯಬೇಡಿ, ಕುರ್ಚಿ ಮಗುಚದಂತೆ ಪಕ್ಕದಲ್ಲಿ ಒಬ್ಬರು ನಿಂತಿರಲಿ.