ಸೊನ್ನೆಗೆ ತಗುಲುವ ಲೆಕ್ಕ

ಒಂದು ಮನೆಯ ತೃಪ್ತಿಯನ್ನು 500 ln x + y ಎಂದು ಅಳೆಯೋಣ. x ಅಂದರೆ ಅಕ್ಕಿಯ ಕಿಲೋ, y ಅಂದರೆ ಉಳಿದ ಖರ್ಚಿನ ರೂಪಾಯಿ. ಅಕ್ಕಿಗೆ ಕಿಲೋಗೆ 50 ರೂಪಾಯಿ, ಕೈಯಲ್ಲಿರುವುದು 400.

ಸಾಮಾನ್ಯ ಲಗ್ರಾಂಜ್ ವಿಧಾನ 10 ಕಿಲೋ ಕೊಳ್ಳಿ ಎನ್ನುತ್ತದೆ. ಆಗ ಉಳಿದ ಖರ್ಚು ಮೈನಸ್ 100! ಅಂಥ ಖರ್ಚು ಇರುವುದೇ ಇಲ್ಲ.

ಕರುಷ್ 1939ರಲ್ಲಿ, ಕುನ್ ಮತ್ತು ಟಕರ್ 1951ರಲ್ಲಿ ಕೊಟ್ಟ ನಿಯಮಗಳು ಇಲ್ಲಿ ನೆರವಾಗುತ್ತವೆ. y ≥ 0 ಎಂಬ ಮಿತಿಗೂ μ ಎಂಬ ಗುಣಕವಿದೆ. ಅದು ಋಣಾತ್ಮಕವಾಗುವಂತಿಲ್ಲ, μ ಮತ್ತು y ಗುಣಿಸಿದರೆ ಸೊನ್ನೆಯೇ ಬರಬೇಕು. y = 0 ಎಂದಿಟ್ಟರೆ ಅಕ್ಕಿ 8 ಕಿಲೋ. ಹಣದ ಗುಣಕ λ = 500/(8 × 50) = 1.25. ಉಳಿದ ಖರ್ಚಿನ ಒಂದು ರೂಪಾಯಿ ಕೊಡುವ ತೃಪ್ತಿ 1 ಮಾತ್ರ; ಆದ್ದರಿಂದ μ = 0.25. ಧನಾತ್ಮಕ, ಉತ್ತರ ಸರಿ.

ಇದೇ ಮನೆಗೆ 600 ರೂಪಾಯಿ ಸಿಕ್ಕರೆ ಮೂಲೆ ಕೈಬಿಡುತ್ತದೆ: 10 ಕಿಲೋ ಅಕ್ಕಿ, ಉಳಿದ ಖರ್ಚಿಗೆ 100, μ ಸೊನ್ನೆ.